ಐದು ಸಿಮ್, ಒಂದು ಮನೆ: ಗಂಗಾವತಿಯ ಒಂದು ರೀಚಾರ್ಜ್ ಲೆಕ್ಕ

ಗಂಗಾವತಿಯಲ್ಲಿ ನನ್ನದು ಮೊಬೈಲ್ ಅಂಗಡಿ. ರೀಚಾರ್ಜ್, ಸಿಮ್, ಕವರ್, ಚಾರ್ಜರ್ ಇವೇ ವ್ಯಾಪಾರ. ಇಲ್ಲಿ ಬರೆಯುತ್ತಿರುವುದು ನಮ್ಮ ಒಬ್ಬ ಹಳೇ ಗಿರಾಕಿಯ ಮನೆಯ ಲೆಕ್ಕ. ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಕಾಕಿ, ಮಗ, ಮಗಳು, ಕಾಕಾನ ತಾಯಿ. ಒಟ್ಟು ಐದು ನಂಬರ್.

ಇವರಿಗೆ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಮಾರಲು ಒಬ್ಬ ಹುಡುಗ ಅಂಗಡಿಗೇ ಬಂದಿದ್ದ. "ನಾಲ್ಕು ನಂಬರ್ ಸೇರಿ ತಿಂಗಳಿಗೆ 899, ಇವತ್ತೇ ಬದಲಾಯಿಸ್ರಿ" ಎಂದು ಕಾರ್ಡ್ ಕೊಟ್ಟು ಹೋಗಿದ್ದ. ಕಾಕಾ ಅದನ್ನು ನನ್ನ ಮುಂದೆ ಇಟ್ಟು, "ತಮ್ಮಾ, ಇದು ಖರೇ ಉಳಿತಾಯ ಐತೇನು? ನೋಡಿ ಹೇಳು" ಎಂದರು.

ನೋಡಿದರೆ ಆಸೆಯಾಗುವಂಥ ಅಂಕಿಯೇ. ಆಗ ಮನೆಯ ನಾಲ್ಕು ಸ್ಮಾರ್ಟ್‌ಫೋನಿಗೂ ಒಂದೇ ಪ್ಲಾನ್ ಹಾಕಿಸುತ್ತಿದ್ದರು: ದಿನಕ್ಕೆ 2 ಜಿಬಿ, 28 ದಿನ, 349 ರೂಪಾಯಿ. ಅಜ್ಜಿಯ ಕೀಪ್ಯಾಡ್ ಫೋನಿಗೆ 28 ದಿನದ 189ರ ಪ್ಯಾಕ್. ಮಗ ಒಂದೇ ಸಲಕ್ಕೆ ಎಲ್ಲರದ್ದೂ ಹಾಕಿಬಿಡುತ್ತಿದ್ದ. ಯಾರಿಗೆ ಎಷ್ಟು ಬೇಕು ಅಂತ ಯಾರೂ ಕೇಳಿರಲಿಲ್ಲ. ಈ ಬರಹದ ದರಗಳೆಲ್ಲ ನಾವು ಲೆಕ್ಕ ಹಾಕಿದ ದಿನದವು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಹಾಗೆ ಇವೂ ಬದಲಾಗುತ್ತವೆ. ಅಂಕಿ ಬದಲಾದರೂ ಲೆಕ್ಕದ ದಾರಿ ಇದೇ.

ಮೊದಲು ಎರಡು ಬಗೆಯ ಬೆಲೆಯನ್ನೂ ಒಂದೇ ಅಳತೆಗೆ ತರಬೇಕು. ಜನ ಸಾಮಾನ್ಯವಾಗಿ 349 ಒಂದು ಕಡೆ, 899 ಇನ್ನೊಂದು ಕಡೆ ಇಟ್ಟು ಹೋಲಿಸುತ್ತಾರೆ. ಹಾಗೆ ಹೋಲಿಸಲು ಬರುವುದಿಲ್ಲ. ಪ್ರೀಪೇಯ್ಡ್‌ನಲ್ಲಿ ಹೇಳುವ ಬೆಲೆಯೊಳಗೆ 18% ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಅದು ಬಿಲ್ಲಿನ ಮೇಲೆ ಬೇರೆ ಬೀಳುತ್ತದೆ. ಹಾಗಾಗಿ ಆ ಹುಡುಗ ಹೇಳಿದ 899 ಅಂದರೆ ಕೈಯಿಂದ ಹೋಗುವುದು 1,061. ಇನ್ನೊಂದು, 28 ದಿನ ಅಂದರೆ ತಿಂಗಳಲ್ಲ. ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕಾಗುತ್ತದೆ. ಇದರ ಬಗ್ಗೆ ದೂರು ಹೆಚ್ಚಾಗಿ, 30 ದಿನದ್ದೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದೂ ಕನಿಷ್ಠ ಒಂದೊಂದಾದರೂ ಇಡಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿತು. ಆದರೂ ಜಾಸ್ತಿ ಓಡುವುದು 28, 84 ದಿನದ ಪ್ಯಾಕ್‌ಗಳೇ. ಅದಕ್ಕೆ ನಾನು ಮಾಡುವುದು ಇಷ್ಟೇ: ಪ್ಯಾಕ್ ಬೆಲೆಯನ್ನು ಅದರ ದಿನಗಳಿಂದ ಭಾಗಿಸಿ 365ರಿಂದ ಗುಣಿಸುತ್ತೇನೆ. ಪೋಸ್ಟ್‌ಪೇಯ್ಡ್ ಆದರೆ ಬಾಡಿಗೆಗೆ ಜಿಎಸ್‌ಟಿ ಸೇರಿಸಿ 12ರಿಂದ ಗುಣಿಸುತ್ತೇನೆ. ಎರಡೂ ವರ್ಷದ ಲೆಕ್ಕವಾಗುತ್ತವೆ.

ಹೀಗೆ ನೋಡಿದರೆ 349ರ ಪ್ಲಾನ್ ಒಂದು ನಂಬರಿಗೆ ವರ್ಷಕ್ಕೆ ಸುಮಾರು 4,549. ನಾಲ್ಕು ನಂಬರಿಗೆ 18,198. ಅಜ್ಜಿಯದು 2,464. ಒಟ್ಟು 20,662 ಆಯಿತು. "ಅಷ್ಟೇನಾ?" ಅಂತ ಕೇಳಿದೆ. ಕಾಕಾ ಅಷ್ಟೇ ಅಂದರು. ಮಗನನ್ನು ಕೇಳಿದಾಗ ಬೇರೆ ಮಾತು ಬಂತು.

ಮಗ ಟ್ರಾಕ್ಟರ್ ಬಿಡಿಭಾಗಗಳ ಕೆಲಸದಲ್ಲಿದ್ದಾನೆ. ಕಾರಟಗಿ, ಸಿಂಧನೂರು, ಕನಕಗಿರಿ ಅಂತ ತಿರುಗಾಟ. ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಹಾಕಿದ ದಿನ ಮಧ್ಯಾಹ್ನಕ್ಕೇ 2 ಜಿಬಿ ಮುಗಿಯುತ್ತದೆ. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪ್ ಮೆಸೇಜ್ ಹೋದರೆ ಪುಣ್ಯ, ಕೊಟೇಶನ್ ಫೈಲ್ ಹೋಗುವುದಿಲ್ಲ. ಆಗ 19 ರೂಪಾಯಿಯ 1 ಜಿಬಿ ಪ್ಯಾಕ್ ಹಾಕಿಕೊಳ್ಳುತ್ತಾನೆ. ಮಗಳು ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳೂ ಇದೇ 19ರ ಪ್ಯಾಕ್ ಹಾಕಿಸಿಕೊಳ್ಳುತ್ತಾಳೆ. ಇವು ಸಣ್ಣ ಮೊತ್ತ, ಯುಪಿಐನಲ್ಲಿ ಹೋಗಿಬಿಡುತ್ತವೆ, ಮನೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಫೋನ್‌ಪೇ ಹಿಸ್ಟರಿ ತೆಗೆದು ಎಣಿಸಿದಾಗ ಆ ತಿಂಗಳು ಮಗಳದು ಎಂಟು, ಮಗನದು ಆರು ಪ್ಯಾಕ್ ಇದ್ದವು. ತಿಂಗಳಿಗೆ 266 ರೂಪಾಯಿ, ವರ್ಷಕ್ಕೆ 3,192. ಅಂದರೆ ಮನೆಯ ನಿಜವಾದ ಖರ್ಚು 23,854.

ಈಗ ಬಳಕೆಯ ಕಡೆ ಬರೋಣ. ಒಂದು ಪೂರ್ತಿ ತಿಂಗಳು ಅಳೆಯಲು ಹೇಳಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Data usage ಅಂತ ಇರುತ್ತದೆ. ಅಲ್ಲಿ ಎಣಿಕೆ ಒಂದನೇ ತಾರೀಖಿನಿಂದ ಶುರುವಾಗುವ ಹಾಗೆ ಇಟ್ಟರೆ ತಿಂಗಳ ಕೊನೆಗೆ ಸಿಮ್ಮಿನ ಡೇಟಾ ಎಷ್ಟು, ಯಾವ ಆ್ಯಪ್ ಎಷ್ಟು ತಿಂದಿದೆ ಎಲ್ಲ ಸಿಗುತ್ತದೆ. ವೈಫೈ ಲೆಕ್ಕ ಬೇರೆ ತೋರಿಸುತ್ತದೆ, ಅದನ್ನು ಇಲ್ಲಿ ಸೇರಿಸಬಾರದು. ಎರಡು ಸಿಮ್ ಇದ್ದರೆ ಎರಡನ್ನೂ ನೋಡಬೇಕು.

ಕಂಪನಿಯ ಆ್ಯಪ್‌ನಲ್ಲೇ ಬಳಕೆ ತೋರಿಸುತ್ತದಲ್ಲ, ಅದೇ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಅಲ್ಲಿ ಕಾಣುವುದು ಕೋಟಾದಿಂದ ಕಳೆದದ್ದು ಮಾತ್ರ. ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್‌ಗಳಲ್ಲಿ 5ಜಿ ಅನ್‌ಲಿಮಿಟೆಡ್ ಕೊಡುತ್ತಾರೆ. 5ಜಿಯಲ್ಲಿ ಓಡಿದ ಡೇಟಾ ಕೋಟಾದಿಂದ ಕಳೆಯುವುದಿಲ್ಲ. ಕಾಕಾನ ಫೋನ್ 5ಜಿ. ಆ್ಯಪ್ ನೋಡಿದರೆ ಅವರು ಡೇಟಾ ಮುಟ್ಟಿಯೇ ಇಲ್ಲ ಎನ್ನುವ ಹಾಗೆ ಕಾಣುತ್ತಿತ್ತು, ಫೋನ್ ನೋಡಿದರೆ 22 ಜಿಬಿ ಇತ್ತು. ಆ್ಯಪ್ ನಂಬಿ ಇನ್ನೂ ಸಣ್ಣ ಪ್ಲಾನಿಗೆ ಇಳಿದಿದ್ದರೆ, 5ಜಿ ಸವಲತ್ತು ಹೋಗಿ ಆ 22 ಜಿಬಿ ಪೂರ್ತಿ ಕೋಟಾದ ಮೇಲೆ ಬೀಳುತ್ತಿತ್ತು. ಪ್ಲಾನ್ ಇಳಿಸುವವರು ಇದನ್ನು ಗಮನಿಸಲೇಬೇಕು.

ತಿಂಗಳ ಕೊನೆಗೆ ಸಿಕ್ಕ ಅಂಕಿ: ಕಾಕಾ 22, ಕಾಕಿ 4, ಮಗ 31, ಮಗಳು 62. ಒಟ್ಟು 119 ಜಿಬಿ. ನಾಲ್ಕು ನಂಬರಿಗೂ ತಿಂಗಳಿಗೆ ಸಿಗುತ್ತಿದ್ದದ್ದು 240 ಜಿಬಿ. 119ರಲ್ಲಿ 14 ಜಿಬಿ 19ರ ಪ್ಯಾಕ್‌ಗಳಿಂದ ಬಂದದ್ದು. ಅಂದರೆ ಒಂದೇ ಮನೆಯಲ್ಲಿ ಕನಿಷ್ಠ 135 ಜಿಬಿ ಮಧ್ಯರಾತ್ರಿ ಹನ್ನೆರಡಕ್ಕೆ ಸುಮ್ನೆ ಅಳಿಸಿಹೋಗುತ್ತಿತ್ತು. ಅದೇ ತಿಂಗಳು ಅದೇ ಮನೆ 14 ಜಿಬಿಗೆ ಬೇರೆ ದುಡ್ಡು ಕೊಡುತ್ತಿತ್ತು. ಇದನ್ನು ಕೇಳಿ ಕಾಕಾ, "ಕಾಲುವೆ ನೀರು ಒಬ್ಬನ ಹೊಲದಾಗ ತುಂಬಿ ಹಳ್ಳಕ್ಕ ಹೊಂಟೈತಿ, ಬಾಜೂದವ ಟ್ಯಾಂಕರ್ ತರಿಸ್ಯಾನ" ಎಂದರು. ತುಂಗಭದ್ರಾ ಎಡದಂಡೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಒಟ್ಟು ಅಂಕಿಗಿಂತ ಬಳಕೆ ಯಾವ ರೀತಿ ಹರಡಿದೆ ಅನ್ನುವುದು ಇಲ್ಲಿ ಮುಖ್ಯ. ಕಾಕಾನದು ದಿನಾ ಹತ್ತಿರ ಹತ್ತಿರ ಒಂದೇ ಥರ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಯೂಟ್ಯೂಬ್ ಸುದ್ದಿ, ಉಳಿದಂತೆ ವಾಟ್ಸಾಪ್, ಯುಪಿಐ. ಮಗಳದು ಜಾಸ್ತಿ, ಆದರೆ ಅದೂ ಒಂದೇ ಥರ. ಹಾಸ್ಟೆಲಿನಲ್ಲಿ ವೈಫೈ ಹೆಸರಿಗೆ ಇದೆ. ಕ್ಲಾಸ್ ವಿಡಿಯೋ, ರೀಲ್ಸ್ ಎಲ್ಲ ಸಿಮ್ಮಿನಿಂದಲೇ. ಫೋನ್ ಹಳೇ 4ಜಿ. ಬಹಳಷ್ಟು ದಿನ 2 ಜಿಬಿಯ ಹತ್ತಿರ ಹೋಗುತ್ತದೆ, ಕೆಲವು ರಾತ್ರಿ ದಾಟುತ್ತದೆ. ಮಗನದು ಇವೆರಡೂ ಅಲ್ಲ. ಒಂದು ದಿನ 200 ಎಂಬಿ, ಇನ್ನೊಂದು ದಿನ 4 ಜಿಬಿ. ತಿಂಗಳ ಸರಾಸರಿ ದಿನಕ್ಕೆ 1 ಜಿಬಿ ಅಷ್ಟೇ, ಆದರೂ 2 ಜಿಬಿ ಪ್ಲಾನ್ ಅವನಿಗೆ ಸಾಲುತ್ತಿರಲಿಲ್ಲ. ಸರಾಸರಿ ನೋಡಿ ದಿನದ ಕೋಟಾ ತೆಗೆದುಕೊಳ್ಳುವವರು ಎಡವುವುದು ಇಲ್ಲೇ. ಅವನಂಥವರಿಗೆ ತಿಂಗಳಿಡೀ ಸೇರಿ ಇಷ್ಟು ಅಂತ ಕೊಡುವ ಡೇಟಾ ಬೇಕು. ಪೋಸ್ಟ್‌ಪೇಯ್ಡ್‌ನ ನಿಜವಾದ ಲಾಭ ಇದೇ, ಉಳಿದದ್ದೆಲ್ಲ ಕಾರ್ಡಿನ ಮೇಲಿನ ಬಣ್ಣ.

ಕಾಕಿಯ 4 ಜಿಬಿ ನನಗೆ ಮೊದಲು ಅರ್ಥವಾಗಲಿಲ್ಲ. ಮನೆಯಲ್ಲಿ ಫೈಬರ್ ವೈಫೈ ಇದೆ, ಅವರು ಹೊರಗೆ ಹೋಗುವುದೇ ಕಡಿಮೆ. ದಿನದ ಗ್ರಾಫ್ ನೋಡಿದಾಗ ಗೊತ್ತಾಯಿತು. ಕರೆಂಟ್ ಹೋದಾಗ ರೂಟರ್ ಆರುತ್ತದೆ, ಫೋನ್ ತಾನೇ ಸಿಮ್ಮಿಗೆ ಹೋಗುತ್ತದೆ, ಧಾರಾವಾಹಿ ನಡೆದೇ ಇರುತ್ತದೆ. ರೂಟರಿಗೆ ಒಂದು ಸಣ್ಣ ಯುಪಿಎಸ್ ಕೊಂಡರೆ ಅದು 2 ಜಿಬಿಯ ಒಳಗೆ ಬರುತ್ತದೆ.

ಈಗ ಪೋಸ್ಟ್‌ಪೇಯ್ಡ್ ಕಾರ್ಡಿನ ಕಡೆ. ಮುಖ್ಯ ನಂಬರಿಗೆ 449, ಸೇರಿಸುವ ಪ್ರತಿ ನಂಬರಿಗೆ 150. ಮೂರು ನಂಬರ್ ತನಕ ಸೇರಿಸಬಹುದು. ಮುಖ್ಯ ನಂಬರಿಗೆ 75 ಜಿಬಿ, ಸೇರಿದ ಒಂದೊಂದಕ್ಕೂ 5 ಜಿಬಿ, ಎಲ್ಲ ಒಂದೇ ಕಡೆ ಕೂಡಿರುತ್ತದೆ, ಯಾರು ಬೇಕಾದರೂ ಬಳಸಬಹುದು. ನಾಲ್ಕೂ ಜನ ಸೇರಿದರೆ ತಿಂಗಳಿಗೆ 90 ಜಿಬಿ. ಇವರಿಗೆ ಬೇಕಾಗಿದ್ದದ್ದು 119. ಮೇಲಿನ 29 ಜಿಬಿಗೆ ಒಂದಕ್ಕೆ 10 ರೂಪಾಯಿ, ಅದಕ್ಕೂ ಜಿಎಸ್‌ಟಿ. ತಿಂಗಳಿಗೆ 342 ರೂಪಾಯಿ ಹೆಚ್ಚಾಯಿತು. ಪ್ರೀಪೇಯ್ಡ್‌ನಲ್ಲಿ ಕೋಟಾ ಮುಗಿದರೆ ವೇಗ ಇಳಿದು ನಿಮಗೇ ಗೊತ್ತಾಗುತ್ತದೆ. ಇಲ್ಲಿ ಮೆಸೇಜ್ ಬರುತ್ತದೆ, ಆದರೆ ಡೇಟಾ ನಿಲ್ಲದೆ ಓಡುತ್ತದೆ, ಬಿಲ್ಲೂ ಓಡುತ್ತದೆ. ಆ 899ರ ಮಾತು ನಿಜವಾಗಿ 1,403ಕ್ಕೆ ಬಂದು ನಿಂತಿತು. ವರ್ಷಕ್ಕೆ 16,836. ಅಜ್ಜಿಯದು ಇದರ ಹೊರಗೆ.

ಇಷ್ಟಾದರೂ ಈಗಿನ ಖರ್ಚಿಗಿಂತ ಕಡಿಮೆಯೇ, ಅಲ್ವಾ? ಹೌದು. ಆದರೆ ಈಗಿನ ಖರ್ಚು ಕೆಟ್ಟದಾಗಿ ಆರಿಸಿದ ಪ್ರೀಪೇಯ್ಡ್. ಹೋಲಿಸಬೇಕಾದದ್ದು ಸರಿಯಾಗಿ ಆರಿಸಿದ ಪ್ರೀಪೇಯ್ಡ್ ಜೊತೆ. ಮಾರುವವರು ಯಾವಾಗಲೂ ನಿಮ್ಮ ಹಳೇ ಖರ್ಚಿನ ಜೊತೆಗೇ ಹೋಲಿಸಿ ತೋರಿಸುತ್ತಾರೆ.

ಹಾಗಾಗಿ ಒಬ್ಬೊಬ್ಬರದೂ ಬಿಡಿಸಿ ನೋಡಿದೆವು. ಕಾಕಾನಿಗೆ 84 ದಿನದ, ದಿನಕ್ಕೆ ಒಂದೂವರೆ ಜಿಬಿಯ 799ರ ಪ್ಯಾಕ್ ಸಾಕು, 5ಜಿ ಸವಲತ್ತು ಹೋದರೂ ಸಾಕು. ವರ್ಷಕ್ಕೆ 3,472. ಕಾಕಿಗೆ ಅಜ್ಜಿ ಹಾಕಿಸುತ್ತಿದ್ದ 189ರ ಪ್ಯಾಕೇ ಸರಿ, ಅದರಲ್ಲಿ 28 ದಿನಕ್ಕೆ ಒಟ್ಟು 2 ಜಿಬಿ ಬರುತ್ತದೆ. 2,464. ಮಗನಿಗೆ ದಿನಕ್ಕೆ 2 ಜಿಬಿಯ 84 ದಿನದ 859ರ ಪ್ಯಾಕ್, ಮೇಲೆ ಅವನ 19ರ ಪ್ಯಾಕ್‌ಗಳು ತಪ್ಪುವುದಿಲ್ಲ, ಸೇರಿ 5,101.

ಮಗಳ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಜಾಸ್ತಿ ಡೇಟಾ ಬೇಕಾದವರು ಪೋಸ್ಟ್‌ಪೇಯ್ಡ್‌ಗೆ ಹೋಗಬೇಕು ಎಂದು ಬಹಳ ಜನ ತಿಳಿದಿದ್ದಾರೆ. ದಿನಾ ಒಂದೇ ಥರ ಜಾಸ್ತಿ ಬಳಸುವವರಿಗೆ ಇದು ಉಲ್ಟಾ. ದಿನಕ್ಕೆ 3 ಜಿಬಿಯ 84 ದಿನದ ಪ್ಯಾಕ್ 1,199. ಒಟ್ಟು 252 ಜಿಬಿ ಬರುತ್ತದೆ, ಜಿಬಿಗೆ 5 ರೂಪಾಯಿಯೂ ಬೀಳುವುದಿಲ್ಲ. ಫ್ಯಾಮಿಲಿ ಪ್ಲಾನಿನಲ್ಲಿ ಮಿತಿ ದಾಟಿದ ಜಿಬಿಗೆ ತೆರಿಗೆ ಸೇರಿ 11 ರೂಪಾಯಿ 80 ಪೈಸೆ. ಅವಳನ್ನು ಫ್ಯಾಮಿಲಿ ಪ್ಲಾನಿಗೆ ಸೇರಿಸಿದರೆ ಆಗುವ ಹೆಚ್ಚಿನ ಖರ್ಚು, ನಂಬರಿನ ಬಾಡಿಗೆ ಮತ್ತು ಮೇಲಿನ ಡೇಟಾ ಎರಡೂ ಕೂಡಿ, ವರ್ಷಕ್ಕೆ 6,230. ಹೊರಗೆ ಪ್ರೀಪೇಯ್ಡ್‌ನಲ್ಲಿ ಬಿಟ್ಟರೆ 5,210, ಮತ್ತೆ ರಾತ್ರಿ ಪ್ಯಾಕ್ ಹುಡುಕುವ ಗೋಳೂ ಇಲ್ಲ. ಇನ್ನೊಂದು ಮಾತೂ ಇದೆ. ಒಬ್ಬರು ಭಾರಿ ಬಳಸುವವರು ಸೇರಿದರೆ ಇಪ್ಪತ್ತನೇ ತಾರೀಖಿಗೇ ಎಲ್ಲರ ಪಾಲೂ ಮುಗಿದು ಮನೆಯಲ್ಲಿ ಮಾತು ಬೆಳೆಯುತ್ತದೆ. ಅಂಥ ಜಗಳಗಳು ನನ್ನ ಕೌಂಟರಿನ ತನಕ ಬಂದದ್ದುಂಟು.

ಅಜ್ಜಿಯದು ಸುಲಭ. ಕೀಪ್ಯಾಡ್ ಫೋನಿನಲ್ಲಿ 2 ಜಿಬಿ ಇಟ್ಟುಕೊಂಡು ಏನು ಮಾಡುವುದು? ಡೇಟಾ ಇಲ್ಲದ, ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಇಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದ ಮೇಲೆ ಕಂಪನಿಗಳು ಅವನ್ನು ತಂದವು. ಆದರೆ ಎದುರಿಗೆ ಕಾಣುವ ಹಾಗೆ ಇಡುವುದಿಲ್ಲ, ಆ್ಯಪ್‌ನಲ್ಲಿ ಕೆಳಗೆ ಹುಡುಕಬೇಕು. 84 ದಿನಕ್ಕೆ 448. ವರ್ಷಕ್ಕೆ 1,947. ಪಿಂಚಣಿಯ ಮೆಸೇಜ್, ಬ್ಯಾಂಕಿನ ಒಟಿಪಿ ಎಲ್ಲ ಬರುತ್ತವೆ.

ಕೂಡಿಸಿದರೆ ಪೂರ್ತಿ ಪ್ರೀಪೇಯ್ಡ್ ದಾರಿ ವರ್ಷಕ್ಕೆ 18,194. ಆ ಹುಡುಗನ ಪ್ಲಾನಿಗೆ ಅಜ್ಜಿಯ ಈ ಹೊಸ ಪ್ಯಾಕ್ ಸೇರಿಸಿದರೆ 18,783. ಅಂದರೆ ಅವನ "ಉಳಿತಾಯ" ಸರಿಯಾದ ಪ್ರೀಪೇಯ್ಡ್‌ಗಿಂತ ತುಟ್ಟಿ. ಮೂರನೇ ದಾರಿ, ಕಾಕಾ, ಕಾಕಿ, ಮಗ ಮೂವರು ಮಾತ್ರ ಫ್ಯಾಮಿಲಿ ಪ್ಲಾನಿಗೆ, ಮಗಳು ಮತ್ತು ಅಜ್ಜಿ ಪ್ರೀಪೇಯ್ಡ್‌ನಲ್ಲೇ. ಮೂವರ ಬಿಲ್ ತಿಂಗಳಿಗೆ ತೆರಿಗೆ ಸೇರಿ 884, ಬಳಕೆ 57 ಜಿಬಿ, ಇರುವುದು 85. ವರ್ಷಕ್ಕೆ 10,606. ಉಳಿದ ಇಬ್ಬರದು ಸೇರಿ 17,763.

ಪೂರ್ತಿ ಪ್ರೀಪೇಯ್ಡ್ ದಾರಿಗೂ ಮೂರನೇ ದಾರಿಗೂ ಇರುವ ವ್ಯತ್ಯಾಸ ವರ್ಷಕ್ಕೆ 431 ರೂಪಾಯಿ. ಐದೂವರೆ ಸಾವಿರಕ್ಕೂ ಮಿಕ್ಕಿದ ಉಳಿತಾಯ ಬಂದದ್ದು ಯಾರಿಗೆ ಏನು ಬೇಕೋ ಅದನ್ನು ಹಾಕಿದ್ದರಿಂದ. ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ ಅನ್ನುವುದರಿಂದ ಬಂದದ್ದು ಆ 431 ಮಾತ್ರ. ನನ್ನ ಮಟ್ಟಿಗೆ ಇಷ್ಟು ಸಣ್ಣ ಅಂತರಕ್ಕೆ ಬಿಲ್ಲಿನ ತಾಪತ್ರಯ ತಲೆ ಮೇಲೆ ಹಾಕಿಕೊಳ್ಳುವುದು ಬೇಡ ಅನ್ನಿಸಿತ್ತು. (ರೀಚಾರ್ಜಿನಲ್ಲಿ ನನಗೆ ಕಮಿಷನ್ ಇದೆ, ಪೋಸ್ಟ್‌ಪೇಯ್ಡ್ ಬಿಲ್ ಅವರು ಮನೆಯಲ್ಲೇ ಕಟ್ಟುತ್ತಾರೆ. ಅದನ್ನೂ ಕಾಕಾನಿಗೆ ಹೇಳಿಯೇ ಸಲಹೆ ಕೊಟ್ಟೆ.)

ಮಗ ಒಪ್ಪಲಿಲ್ಲ. ಅವನ ವಾದ ಕಾರ್ಡಿನ ಮೇಲಿದ್ದ ಉಚಿತ ಸವಲತ್ತುಗಳ ಮೇಲೆ ನಿಂತಿತ್ತು. ಸಿನಿಮಾ ಆ್ಯಪ್, ಕ್ಲೌಡ್ ಜಾಗ, ದಿನಕ್ಕೆ 100 ಎಸ್ಸೆಮ್ಮೆಸ್. ಅಂಥವಕ್ಕೆ ಬೆಲೆ ಕಟ್ಟುವ ರೀತಿ ಒಂದೇ: ಅದು ಉಚಿತ ಬರದಿದ್ದರೆ ಜೇಬಿನಿಂದ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಿದ್ದಿರಾ? ಇಲ್ಲ ಅಂದರೆ ಬೆಲೆ ಸೊನ್ನೆ. ಹಳೇ 349ರ ಪ್ಲಾನಿನಲ್ಲೂ ಇಂಥವು ಇದ್ದವು, ಯಾರ ಫೋನಿನಲ್ಲೂ ಆ ಆ್ಯಪ್ ಇನ್‌ಸ್ಟಾಲೇ ಆಗಿರಲಿಲ್ಲ. ಎಸ್ಸೆಮ್ಮೆಸ್ ಇಡೀ ಮನೆಯಲ್ಲಿ ಯಾರೂ ಕಳಿಸುವುದಿಲ್ಲ. ಹೀಗೆ ಒಂದೊಂದಾಗಿ ಹೊಡೆದುಹಾಕಿದ ಮೇಲೆ ಒಂದು ಮಾತ್ರ ಉಳಿಯಿತು. ಕ್ರಿಕೆಟ್ ನೋಡಲು ಮಗ ಒಂದು ಆ್ಯಪಿಗೆ ಮೂರು ತಿಂಗಳಿಗೆ 149ರಂತೆ ಕಟ್ಟುತ್ತಿದ್ದ, ವರ್ಷಕ್ಕೆ 596. ಅದೇ ಆ್ಯಪ್ ಈ ಪ್ಲಾನಿನಲ್ಲಿ ಇತ್ತು. ಅದು ನಿಜವಾದ ಲಾಭ.

ಆದರೆ ಸಣ್ಣ ಅಕ್ಷರ ಓದಿದಾಗ ಎರಡು ಷರತ್ತು ಸಿಕ್ಕವು. ಸವಲತ್ತು ಮುಖ್ಯ ನಂಬರಿಗೆ ಮಾತ್ರ, ಮತ್ತು ಒಂದು ಮೊಬೈಲಿನಲ್ಲಿ ಮಾತ್ರ ಓಡುತ್ತದೆ, ಟಿವಿಗೆ ಇಲ್ಲ. ಕಾಕಾನ ನಂಬರನ್ನು ಮುಖ್ಯ ಮಾಡಿದ್ದರೆ ಆ 596 ಕೂಡ ಸೊನ್ನೆಯಾಗುತ್ತಿತ್ತು, ಅವರು ಕ್ರಿಕೆಟ್ ನೋಡುವುದಿಲ್ಲ. ಅದಕ್ಕೆ ಮಗನ ನಂಬರನ್ನೇ ಮುಖ್ಯ ಮಾಡಿ, ಬಿಲ್ ಅವನ ಹೆಸರಿಗೆ ಬರುವ ಹಾಗೆ ಮಾಡುವುದು ಅಂತಾಯಿತು. ಇದರಿಂದ ಮೂರನೇ ದಾರಿ ವರ್ಷಕ್ಕೆ ಸಾವಿರ ರೂಪಾಯಿಯಷ್ಟು ಮುಂದೆ ಹೋಯಿತು. ಕಾಕಾನ ಆಕ್ಷೇಪ ಒಂದೇ: "ತಿಂಗಳ ಬಿಲ್ ಅಂದ್ರ ಸಾಲ ಇದ್ದಂಗ." ತಪ್ಪಿಲ್ಲ, ಬಿಲ್ ಬಾಕಿ ಉಳಿದರೆ ದಂಡ ಬೀಳುತ್ತದೆ, ಬಾಕಿ ತೀರಿಸದೆ ಬೇರೆ ಕಂಪನಿಗೆ ಪೋರ್ಟ್ ಆಗಲೂ ಬರುವುದಿಲ್ಲ. ಮಗನಿಗೆ ತಿಂಗಳ ಸಂಬಳ ಇದೆ, ನಾನೇ ಕಟ್ಟುತ್ತೇನೆ ಎಂದ. ಅಲ್ಲಿಗೆ ಒಪ್ಪಿದರು.

ಬದಲಾಯಿಸುವುದರಲ್ಲಿ ಒಂದು ತೊಡಕು ಇತ್ತು. ಕಾಕಿಯ ನಂಬರ್ ಬೇರೆ ಕಂಪನಿಯದು, ಫ್ಯಾಮಿಲಿ ಪ್ಲಾನಿಗೆ ಎಲ್ಲವೂ ಒಂದೇ ಕಂಪನಿಯಲ್ಲಿರಬೇಕು. ಅದಕ್ಕೆ PORT ಎಂದು ಬರೆದು, ಒಂದು ಜಾಗ ಬಿಟ್ಟು ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಬರುವ ಕೋಡ್ ನಮ್ಮಲ್ಲಿ ನಾಲ್ಕು ದಿನ ನಡೆಯುತ್ತದೆ. ಪೋರ್ಟ್ ಆದರೂ, ಅದೇ ಕಂಪನಿಯಲ್ಲಿ ಪೋಸ್ಟ್‌ಪೇಯ್ಡ್ ಆದರೂ, ಹಳೇ ಪ್ಯಾಕಿನಲ್ಲಿ ಉಳಿದ ದಿನಗಳು ಹೋದಂತೆಯೇ. ಅದಕ್ಕೆ ಮೂವರ ಪ್ಯಾಕೂ ಮುಗಿಯಲು ಬಂದಾಗ ಕೈಹಾಕಲು ಹೇಳಿದೆ. ಮೊದಲು ಆ ಕಂಪನಿಯ ಇನ್ನೊಂದು ಸಿಮ್ ಕಾಕಿಯ ಫೋನಿಗೆ ಹಾಕಿ ಮನೆಯಲ್ಲೂ, ಕನಕಗಿರಿ ಕಡೆಯ ಅವರ ತವರಿನಲ್ಲೂ ಸಿಗ್ನಲ್ ನೋಡಿಸಿದೆವು. ಪೋರ್ಟ್ ಆದ ಮೇಲೆ ಮತ್ತೆ ಬೇರೆ ಕಡೆ ಹೋಗಲು 90 ದಿನ ಕಾಯಬೇಕು, ಹಾಗಾಗಿ ಈ ಪರೀಕ್ಷೆ ಮುಂಚೆಯೇ ಆಗಬೇಕು.

ಮೊದಲ ಬಿಲ್ ಪೂರ್ತಿ ತಿಂಗಳದ್ದಾಗಿರಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯದು 884 ಬಂತು. ಬಳಕೆ 61 ಜಿಬಿ. 24 ಜಿಬಿ ಉಳಿದಿತ್ತು, ಈ ಪ್ಲಾನಿನಲ್ಲಿ ಉಳಿದದ್ದು ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಮಗ ಕೂಡಲೇ ಇನ್ನೂ ಸಣ್ಣ ಪ್ಲಾನಿಗೆ ಇಳಿಯೋಣ ಎಂದ. ಕೆಳಗಿನ 349ರ ಪೋಸ್ಟ್‌ಪೇಯ್ಡ್‌ನಲ್ಲಿ ನಂಬರ್ ಸೇರಿಸಲು ಬರುವುದಿಲ್ಲ, ಹಾಗಾಗಿ ಆ 24 ಜಿಬಿ ಬಿಟ್ಟುಬಿಡುವುದೇ ಅಗ್ಗ.

ಮಗಳ ಓದು ಮುಗಿದು ಮನೆಗೆ ಬಂದ ಮೇಲೆ ಇನ್ನೊಮ್ಮೆ ಅಳೆಯಲು ಹೇಳಿದ್ದೇನೆ. ಮನೆಯ ವೈಫೈ ಸಿಕ್ಕರೆ ಅವಳ ಸಿಮ್ ಬಳಕೆ 20 ಜಿಬಿ ಒಳಗೆ ಬರಬಹುದು. ಆಗ ಅವಳನ್ನು ನಾಲ್ಕನೇ ನಂಬರಾಗಿ ಸೇರಿಸಿದರೆ ತಿಂಗಳಿಗೆ 177 ಮಾತ್ರ, ವರ್ಷಕ್ಕೆ 2,124. ಈಗ ಅವಳೊಬ್ಬಳಿಗೆ ಹೋಗುತ್ತಿರುವುದು 5,210.